ಮಲಿನಜಲ ಎತ್ತುವ ಪಂಪು: ಶಿರೂರಿನ ತಗ್ಗು ಮನೆಗಳಲ್ಲಿ

ಕಕ್ಕಸು ಮತ್ತು ಸ್ನಾನದ ಮನೆಯ ನೀರು ತಾನಾಗಿ ಹರಿದುಹೋಗಲಾರದಷ್ಟು ತಗ್ಗಿನಲ್ಲಿದ್ದರೆ, ಅದನ್ನು ಮೊದಲು ಮುಚ್ಚಿದ ಹೊಂಡವೊಂದರಲ್ಲಿ ಕೂಡಿಸಿಕೊಂಡು, ಅಲ್ಲಿಂದ ಎತ್ತರದ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಏರಿಸಬೇಕಾಗುತ್ತದೆ. ಈ ಕೆಲಸಕ್ಕೆ ಬಳಸುವುದು ಮಲಿನಜಲ ಎತ್ತುವ ಪಂಪು. ಹೆಸರಿನಲ್ಲಿ ಪಂಪು ಮಾತ್ರ ಇದ್ದರೂ ಇದು ನಾಲ್ಕು ಅಂಗಗಳ ವ್ಯವಸ್ಥೆ. ನೀರು ಸೋರದ, ಗಾಳಿ ಹೊರಬಿಡದ ಹೊಂಡ. ಅದರ ತಳದಲ್ಲಿ ಮುಳುಗಿ ಕೂತ ಪಂಪು. ಏರಿದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಪ್ಲಂಬರುಗಳ ಬಾಯಲ್ಲಿ ಎನ್‌ಆರ್‌ವಿ. ಹೊಂಡದಿಂದ ಮಾಡಿನ ಮೇಲಕ್ಕೆ ಹೋಗುವ ವೆಂಟ್ ಪೈಪು. ನಾಲ್ಕರಲ್ಲಿ ಪಂಪೇ ಅತಿ ಸರಳವಾದದ್ದು. ಅಂಗಡಿಯಿಂದ ಸಿದ್ಧವಾಗಿ ಬರುತ್ತದೆ, ಕೆಟ್ಟರೆ ಬದಲಿಸಬಹುದು. ಉಳಿದ ಮೂರನ್ನು ಜಾಗದಲ್ಲೇ ಕಟ್ಟಬೇಕು. ವ್ಯವಸ್ಥೆ ಸೋಲುವುದು ಹೆಚ್ಚಾಗಿ ಆ ಮೂರರಲ್ಲೇ.

ಶಿರೂರಿನ ನೆಲ ಮತ್ತು ನೀರು

ನಗರಗಳಲ್ಲಿ ಇಂಥ ಪಂಪು ಬೇಕಾಗುವುದು ನೆಲಮಾಳಿಗೆಗೆ. ರಸ್ತೆಯ ಒಳಚರಂಡಿಗಿಂತ ನೆಲಮಾಳಿಗೆಯ ಕಕ್ಕಸು ಕೆಳಗಿರುತ್ತದೆ. ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭಟ್ಕಳಕ್ಕೆ ತಾಗಿರುವ ಬೈಂದೂರು ತಾಲೂಕಿನ ಶಿರೂರಿನಲ್ಲಿ ಕಾರಣ ಬೇರೆ. ಅಲ್ಲಿ ಒಳಚರಂಡಿ ಜಾಲವಿಲ್ಲ. ಪ್ರತಿ ಮನೆಗೂ ತನ್ನದೇ ಸೆಪ್ಟಿಕ್ ಟ್ಯಾಂಕು, ಅದರ ಪಕ್ಕ ಇಂಗುಗುಂಡಿ. ಕುಡಿಯುವ ನೀರಿಗೆ ಮನೆಯ ಬಾವಿ. ಊರಿನ ನೆಲ ಪೂರ್ವದ ಗುಡ್ಡದಿಂದ ಪಶ್ಚಿಮದ ಕಡಲಿಗೆ, ಅಳ್ವೆಗದ್ದೆಯ ಕಡೆಗೆ, ಇಳಿಜಾರಾಗಿ ಸಾಗುತ್ತದೆ. ಮೇಲೆ ಮುರಕಲ್ಲಿನ ನೆಲ, ಕೆಳಗೆ ಗದ್ದೆಬೈಲು, ಅದಕ್ಕೂ ಕೆಳಗೆ ಮರಳು. ಬಾವಿ ತೋಡಲು ತಗ್ಗಿನ ಜಾಗವೇ ಅನುಕೂಲ, ಬೇಗ ನೀರು ಸಿಗುತ್ತದೆ. ಹೀಗಾಗಿ ಹಳೆಯ ಹಿತ್ತಿಲುಗಳಲ್ಲಿ ಬಾವಿ ಕೆಳಗೆ, ಮನೆ ಅದರ ಹತ್ತಿರ, ದಾರಿ ಮೇಲೆ.

ಈಗ ಇಂಥ ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕು ಎಲ್ಲಿಗೆ ಬರಬೇಕು? ನೀರು ಇಳಿದು ಹೋಗಬೇಕಾದರೆ ಮನೆಗಿಂತ ಕೆಳಗೆ ಬರಬೇಕು. ಆದರೆ ಕೆಳಗಿರುವುದು ಬಾವಿ. ಸೆಪ್ಟಿಕ್ ಟ್ಯಾಂಕುಗಳ ಭಾರತೀಯ ಮಾನಕ ಐಎಸ್ 2470 ಪ್ರಕಾರ ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಮುರಕಲ್ಲಿನಲ್ಲಿ ತೂತು, ಬಿರುಕು, ಸುರಂಗಗಳು ಸಹಜವಾದ್ದರಿಂದ 18 ಮೀಟರನ್ನು ಕನಿಷ್ಠ ಎಂದೇ ತಿಳಿಯಬೇಕು, ಸುರಕ್ಷಿತ ಎಂದಲ್ಲ. ಮರಳಿನಲ್ಲಿ ಸೋಸಿದಂತೆ ಕೊಳೆನೀರು ಮುರಕಲ್ಲಿನಲ್ಲಿ ಸೋಸುವುದಿಲ್ಲ, ಬಿರುಕು ಸಿಕ್ಕರೆ ನೇರ ಹರಿಯುತ್ತದೆ. ಇದರ ಮೇಲೆ ಮಳೆಗಾಲ. ಈ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಸಾಡಿಯ ಹೊತ್ತಿಗೆ ಗದ್ದೆಯಂಚಿನ ಬಾವಿಗಳಲ್ಲಿ ಕೈಗೆಟಕುವಷ್ಟು ಮೇಲೆ ನೀರು ನಿಂತಿರುತ್ತದೆ. ಆ ಮಟ್ಟದಲ್ಲಿ ಕೂತ ಇಂಗುಗುಂಡಿ ಏನನ್ನೂ ಇಂಗಿಸುವುದಿಲ್ಲ, ಅಂತರ್ಜಲವೇ ಅದರೊಳಗೆ ಬಂದು ತುಂಬುತ್ತದೆ. ಹಾಗಾಗಿ ತಿಳಿದವರು ಟ್ಯಾಂಕನ್ನು ಮನೆಯ ಮೇಲ್ಗಡೆ, ದಾರಿಯ ಬದಿಯ ಎತ್ತರದ ನೆಲಕ್ಕೆ ಒಯ್ಯುತ್ತಾರೆ. ಬಾವಿ ಉಳಿಯಿತು, ಇಂಗುಗುಂಡಿ ಕೆಲಸ ಮಾಡಿತು. ಆದರೆ ಮನೆಯ ಕಕ್ಕಸು ಟ್ಯಾಂಕಿನ ಬಾಯಿಗಿಂತ ಕೆಳಗಾಯಿತು.

ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥವಾಗುವಾಗ ಮಣ್ಣು ತುಂಬಿ ರಸ್ತೆ ಏರಿಸಿದ ಕಡೆ, ಅಂಚಿನ ಹಳೆಯ ಅಂಗಳಗಳೂ ಹೀಗೆಯೇ ತಗ್ಗಿಗೆ ಬಿದ್ದಿವೆ. ವಿದೇಶದ ದುಡಿಮೆಯಿಂದ ಹಳೆಯ ಮನೆಗೆ ಹೊಸ ಅಂತಸ್ತು ಕಟ್ಟಿಸುವಾಗ, ವಯಸ್ಸಾದವರಿಗೆಂದು ಕೆಳಗಿನ ಕೋಣೆಗೆ ಬಚ್ಚಲು ಜೋಡಿಸುವುದು ಮತ್ತೊಂದು ಸಂದರ್ಭ.

ಪಂಪಿಗಿಂತ ಮೊದಲು

ಪಂಪಿಲ್ಲದೆ ಸಾಗುವುದಾದರೆ ಅದೇ ಒಳ್ಳೆಯದು. 110 ಮಿಲಿಮೀಟರ್ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿ ಇಳಿತ ಸಾಕು. ಅಳತೆ ಹಿಡಿದು ನೋಡಿದಾಗ ಕೊರತೆ ಬರೀ ಒಂದೂವರೆ ಅಡಿ ಎಂದು ಕಂಡುಬಂದರೆ, ಕಕ್ಕಸಿನ ನೆಲವನ್ನು ಎರಡು ಮೂರು ಮೆಟ್ಟಿಲು ಎತ್ತರಿಸಿದರೆ ಮುಗಿಯಿತು. ಮೊಣಕಾಲು ನೋವಿನ ಹಿರಿಯರಿಗಾಗಿಯೇ ಆ ಬಚ್ಚಲನ್ನು ಕಟ್ಟುತ್ತಿದ್ದರೆ ಮಾತ್ರ ಈ ಉಪಾಯ ನಡೆಯದು.

ಇನ್ನೊಂದು ನಿಯಮವನ್ನು ಇಲ್ಲೇ ಹೇಳಬೇಕು. ಹೊಂಡಕ್ಕೆ ಬರಬೇಕಾದ್ದು ತಾನಾಗಿ ಹರಿಯಲಾರದ ನೀರು ಮಾತ್ರ. ಮೇಲಂತಸ್ತಿನ ಕಕ್ಕಸುಗಳು ಎತ್ತರದಲ್ಲಿದ್ದರೆ ಅವುಗಳ ಪೈಪು ಪ್ರತ್ಯೇಕವಾಗಿ ನೇರ ಟ್ಯಾಂಕಿಗೆ ಹೋಗಬೇಕು. ಹತ್ತಿರವಿದೆ ಎಂದು ಎಲ್ಲವನ್ನೂ ಹೊಂಡಕ್ಕೆ ಜೋಡಿಸಿದರೆ, ಕರೆಂಟು ಹೋದ ರಾತ್ರಿ ಮೇಲಿನವರು ಮಾಡಿದ ಫ್ಲಶ್ ಕೆಳಗಿನ ಬಚ್ಚಲಿನ ನೆಲದಲ್ಲಿ ಉಕ್ಕುತ್ತದೆ. ಮಾಡಿನ ಮಳೆನೀರು, ಅಂಗಳದ ನೀರು ಒಂದು ಹನಿಯೂ ಹೊಂಡಕ್ಕೆ ಬರಕೂಡದು. ಸ್ನಾನದ ನೀರಿನ ವಿಷಯದಲ್ಲಿ ಊರಿನ ಹಳೆಯ ಪದ್ಧತಿಯೇ ಉಪಯುಕ್ತ. ಬಚ್ಚಲ ನೀರು ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ತಾನಾಗಿ ಹರಿದುಹೋಗುವ ಹಾದಿ ಇದ್ದರೆ, ಮತ್ತು ಬಾವಿ ಆ ಕಡೆಗೆ ಇಲ್ಲದಿದ್ದರೆ, ಅದನ್ನು ಹಾಗೇ ಬಿಟ್ಟು ಕಕ್ಕಸಿನ ನೀರನ್ನಷ್ಟೇ ಎತ್ತಬಹುದು. ಪಂಪಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ನೀರು ತೀರಾ ಕಡಿಮೆಯಾದರೆ ಹೊಂಡದಲ್ಲಿ ಮಲ ಗಟ್ಟಿಯಾಗುತ್ತದೆ. ಆಗ ವಾರಕ್ಕೊಮ್ಮೆ ನಾಲ್ಕೈದು ಬಕೆಟ್ ನೀರು ಹೊಯ್ದು ಪಂಪು ಓಡಿಸಬೇಕು.

ಒಂದು ಮನೆಯ ಲೆಕ್ಕ

ಲೆಕ್ಕವನ್ನು ಮಾದರಿ ಮನೆಯೊಂದರ ಮೇಲೆ ಬಿಡಿಸಿ ನೋಡಬಹುದು. ಕೆಳಗಿನ ಬಚ್ಚಲಿನ ನೆಲ ಸೆಪ್ಟಿಕ್ ಟ್ಯಾಂಕಿನ ಬಾಯಿಗಿಂತ 1.6 ಮೀಟರ್ ಕೆಳಗಿದೆ. ಹೊಂಡದಿಂದ ಟ್ಯಾಂಕಿಗೆ ಪೈಪಿನ ದಾರಿ 24 ಮೀಟರ್. ಹೊಂಡದ ಒಳವ್ಯಾಸ 60 ಸೆಂಟಿಮೀಟರ್, ಆಳ ಬಚ್ಚಲಿನ ನೆಲದಿಂದ 1.35 ಮೀಟರ್. ಬಳಸುವವರು ಇಬ್ಬರು.

ಹೊಂಡದೊಳಗೆ ಮುಖ್ಯವಾದ ಮಟ್ಟಗಳು ಮೂರು. ಕಕ್ಕಸಿನ ಪೈಪು ನೆಲದಿಂದ 55 ಸೆಂಟಿಮೀಟರ್ ಕೆಳಗೆ ಬಂದು ಸೇರುತ್ತದೆ. ನೀರು ನೆಲದಿಂದ 85 ಸೆಂಟಿಮೀಟರ್ ಕೆಳಗಿನವರೆಗೆ ತುಂಬಿದಾಗ ಫ್ಲೋಟ್ ಸ್ವಿಚ್ ಎದ್ದು ಪಂಪು ಚಾಲೂ ಆಗುತ್ತದೆ. 110 ಸೆಂಟಿಮೀಟರಿಗೆ ಇಳಿದಾಗ ನಿಲ್ಲುತ್ತದೆ. ಅದರ ಕೆಳಗಿನ ನೀರು ಯಾವಾಗಲೂ ಉಳಿದು ಪಂಪಿನ ಮೋಟರನ್ನು ತಂಪಾಗಿಡುತ್ತದೆ. ಚಾಲೂ ಮತ್ತು ಬಂದ್ ಮಟ್ಟಗಳ ನಡುವಿನ 25 ಸೆಂಟಿಮೀಟರಿನಲ್ಲಿ ಸುಮಾರು 70 ಲೀಟರ್ ಹಿಡಿಯುತ್ತದೆ. ಒಂದು ಸಲಕ್ಕೆ ಪಂಪು ಎತ್ತುವುದು ಇಷ್ಟನ್ನು.

ಎತ್ತರದ ಲೆಕ್ಕ ಬಂದ್ ಮಟ್ಟದಿಂದ ಶುರುವಾಗಬೇಕು, ಬಚ್ಚಲಿನ ನೆಲದಿಂದಲ್ಲ. ಬಂದ್ ಮಟ್ಟದಿಂದ ನೆಲಕ್ಕೆ 1.1 ಮೀಟರ್, ನೆಲದಿಂದ ಟ್ಯಾಂಕಿನ ಬಾಯಿಗೆ 1.6 ಮೀಟರ್. ಟ್ಯಾಂಕಿಗೆ ಇಳಿಯುವ ಮೊದಲು ಪೈಪನ್ನು ಕಮಾನಿನಂತೆ 30 ಸೆಂಟಿಮೀಟರ್ ಮೇಲೆತ್ತಿ ಬಾಗಿಸುವುದು ಕ್ರಮ. ಟ್ಯಾಂಕು ತುಂಬಿ ಉಕ್ಕಿದರೂ ಅದರ ನೀರು ಆ ಕಮಾನು ದಾಟಿ ಮನೆಗೆ ಮರಳದು. ಒಟ್ಟು 3 ಮೀಟರ್. ಪೈಪಿನೊಳಗಿನ ಉಜ್ಜಿಗೆ ಇನ್ನಷ್ಟು ಸೇರಿಸಬೇಕು. 63 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ ನಿಮಿಷಕ್ಕೆ 150 ಲೀಟರ್ ಹರಿದರೆ, 24 ಮೀಟರ್ ಪೈಪು, ಬಾಗು, ವಾಲ್ವುಗಳೆಲ್ಲ ಸೇರಿ ಸುಮಾರು 65 ಸೆಂಟಿಮೀಟರಿನಷ್ಟು ಎತ್ತರವನ್ನು ಉಜ್ಜು ನುಂಗುತ್ತದೆ. ಹಾಗಾಗಿ ಬೇಕಾದದ್ದು ನಾಲ್ಕು ಮೀಟರ್ ಎತ್ತರಕ್ಕೆ ನಿಮಿಷಕ್ಕೆ 150 ಲೀಟರ್ ಕೊಡುವ ಮಲಿನಜಲ ಪಂಪು. ಅರ್ಧ ಅಥವಾ ಮುಕ್ಕಾಲು ಅಶ್ವಶಕ್ತಿಯದು ಧಾರಾಳ ಸಾಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ತೋಟಕ್ಕೆ, ಬಾವಿಗೆ ಬಳಸುವ ಪಂಪನ್ನು ತಂದು ಹೊಂಡಕ್ಕಿಳಿಸುವುದು. ಅದು ಮೂವತ್ತು ಮೀಟರ್ ಮೇಲೆತ್ತಬಲ್ಲದು, ನೋಡಲು ಬಲಿಷ್ಠ. ಆದರೆ ಅದರ ಒಳದಾರಿ ಬೆರಳಿನಷ್ಟೂ ಅಗಲವಿರುವುದಿಲ್ಲ, ಮೊದಲ ದಿನವೇ ಕಟ್ಟಿಕೊಳ್ಳುತ್ತದೆ. ಮಲಿನಜಲ ಪಂಪಿನ ಪೆಟ್ಟಿಗೆಯ ಮೇಲೆ ನೋಡಬೇಕಾದ ಅಂಕಿ ಎಷ್ಟು ಗಾತ್ರದ ಗಟ್ಟಿ ವಸ್ತು ಅದರೊಳಗಿಂದ ಹಾದುಹೋಗಬಲ್ಲದು ಎಂಬುದು. ಕಕ್ಕಸಿಗೆ 40ರಿಂದ 50 ಮಿಲಿಮೀಟರ್ ಇರಲಿ.

ಪೈಪಿನ ಗಾತ್ರದಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಕಕ್ಕಸಿನ ಪೈಪು ನಾಲ್ಕಿಂಚು ಎಂಬ ರೂಢಿಯಿಂದ ಪಂಪಿನ ಮೇಲೇರುವ ಪೈಪನ್ನೂ ನಾಲ್ಕಿಂಚು ಹಾಕುತ್ತಾರೆ. ಆಗ ಅದೇ 150 ಲೀಟರ್ ನೀರು ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ. ಮಲ ಪೈಪಿನ ತಳದಲ್ಲಿ ಕೂರದಿರಲು ಸೆಕೆಂಡಿಗೆ 70 ಸೆಂಟಿಮೀಟರ್ ಬೇಕು. 63 ಮಿಲಿಮೀಟರ್ ಪೈಪಿನಲ್ಲಿ ವೇಗ ಸುಮಾರು 95 ಸೆಂಟಿಮೀಟರ್, ಸರಿಯಾಗುತ್ತದೆ. ತಳ್ಳುವ ಪೈಪು ಸಣ್ಣದಿರಬೇಕು, ಹರಿಯುವ ಪೈಪು ದೊಡ್ಡದಿರಬೇಕು.

ಪಂಪಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ನೇರ ಚಿಮ್ಮಿಸಬಾರದು. ಟ್ಯಾಂಕಿನ ಕೆಲಸವೇ ನೀರನ್ನು ಅಲುಗಾಡದಂತೆ ನಿಲ್ಲಿಸಿ ಕೆಸರನ್ನು ತಳಕ್ಕೆ ಇಳಿಸುವುದು. ದಿನಕ್ಕೆ ಹಲವು ಸಲ 70 ಲೀಟರ್ ರಭಸದಿಂದ ನುಗ್ಗಿದರೆ ಕೆಸರು ಕದಡಿ ಇಂಗುಗುಂಡಿಗೆ ಹೋಗಿ ಅದರ ರಂಧ್ರಗಳನ್ನು ಮುಚ್ಚುತ್ತದೆ. ಕಮಾನಿನ ಆಚೆ ಸಣ್ಣ ಚೇಂಬರ್ ಕಟ್ಟಿ, ಅಲ್ಲಿ ನೀರು ತಣಿದು, ನಾಲ್ಕಿಂಚಿನ ಪೈಪಿನಲ್ಲಿ ಮೆಲ್ಲಗೆ ಟ್ಯಾಂಕಿಗೆ ಇಳಿಯುವಂತೆ ಮಾಡಬೇಕು. ಇದೇ ಕಾರಣಕ್ಕೆ, ಮಲವನ್ನು ನುಣ್ಣಗೆ ಅರೆಯುವ ಗ್ರೈಂಡರ್ ಪಂಪು ಸೆಪ್ಟಿಕ್ ಟ್ಯಾಂಕಿನ ಮನೆಗಳಿಗೆ ಹೊಂದುವುದಿಲ್ಲ. ಅರೆದ ಹುಡಿ ತಳಕ್ಕೆ ಕೂರದೆ ತೇಲುತ್ತಲೇ ಹೊರಟುಹೋಗುತ್ತದೆ.

ಎನ್‌ಆರ್‌ವಿ

ಈ ವಾಲ್ವು ಏಕೆ ಬೇಕು ಎಂಬುದು ಮೇಲಿನ ಮನೆಯ ಅಂಕಿಗಳಲ್ಲೇ ಕಾಣುತ್ತದೆ. 63 ಮಿಲಿಮೀಟರ್ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 2.6 ಲೀಟರ್ ನೀರು ಹಿಡಿಯುತ್ತದೆ; 24 ಮೀಟರಿಗೆ 63 ಲೀಟರ್. ಪೈಪು ಉದ್ದಕ್ಕೂ ಏರುತ್ತಲೇ ಹೋಗುವುದರಿಂದ, ವಾಲ್ವಿಲ್ಲದಿದ್ದರೆ ಪಂಪು ನಿಂತ ಕ್ಷಣದಲ್ಲಿ ಆ 63 ಲೀಟರ್ ಮರಳಿ ಹೊಂಡಕ್ಕೆ ಬೀಳುತ್ತದೆ. ಪಂಪು ಎತ್ತಿದ್ದು 70. ಟ್ಯಾಂಕಿಗೆ ನಿಜವಾಗಿ ತಲುಪಿದ್ದು ಏಳು. ಬಚ್ಚಲಿನಲ್ಲಿ ಅರ್ಧ ಬಕೆಟ್ ನೀರು ಸುರಿದರೂ ಪಂಪು ಮತ್ತೆ ಎದ್ದು ಓಡುತ್ತದೆ, ಹಳೆಯ ನೀರನ್ನೇ ಮತ್ತೆ ಮತ್ತೆ ಹೊರುತ್ತದೆ, ತಿಂಗಳುಗಳಲ್ಲಿ ಸುಟ್ಟುಹೋಗುತ್ತದೆ.

ಇದೇ ಎರಡು ಅಂಕಿಗಳಿಂದ ಇನ್ನೊಂದು ವಿಷಯವನ್ನೂ ಅಳೆಯಬಹುದು. ಒಂದು ಸಲಕ್ಕೆ ಎತ್ತುವ 70 ಲೀಟರ್ ಪೈಪಿನಲ್ಲಿ ಹಿಡಿಯುವ 63 ಲೀಟರಿಗಿಂತ ಹೆಚ್ಚಿದೆ. ಅಂದರೆ ಪಂಪು ಓಡಿದಾಗಲೆಲ್ಲ ಪೈಪಿನ ಹಳೆಯ ನೀರು ಪೂರ್ತಿ ಹೊರಹೋಗಿ ಹೊಸದು ತುಂಬುತ್ತದೆ, ಮಲ ಪೈಪಿನೊಳಗೆ ದಿನಗಟ್ಟಲೆ ಕೊಳೆಯುವುದಿಲ್ಲ. ಯುರೋಪಿನ ಇಎನ್ 12056 ಮಾನದಂಡ ಹೊಂಡದ ಗಾತ್ರಕ್ಕೆ ಹೇಳುವ ಮಾತೂ ಇದೇ. ಪೈಪು 24ರ ಬದಲು 40 ಮೀಟರ್ ಇದ್ದಿದ್ದರೆ ಹೊಂಡವನ್ನು ಅಗಲ ಮಾಡಬೇಕಿತ್ತು.

ಮಲಿನಜಲಕ್ಕೆ ಹೊಂದುವ ಎನ್‌ಆರ್‌ವಿ ಎರಡು ಬಗೆ. ಒಂದರಲ್ಲಿ ಕೀಲಿನ ಮೇಲೆ ತೆರೆದು ಮುಚ್ಚುವ ಮುಚ್ಚಳ. ಇನ್ನೊಂದರಲ್ಲಿ ರಬ್ಬರು ಹೊದಿಸಿದ ಚೆಂಡು. ನೀರು ಏರುವಾಗ ಚೆಂಡು ಪಕ್ಕದ ಗೂಡಿಗೆ ಸರಿದು ದಾರಿ ಪೂರ್ತಿ ಬಿಡುತ್ತದೆ, ನಿಂತಾಗ ಉರುಳಿ ಬಂದು ಬಾಯಿ ಮುಚ್ಚುತ್ತದೆ. ಬಟ್ಟೆ, ಕೂದಲು ಸಿಕ್ಕಿಕೊಳ್ಳಲು ಕೀಲು ಇಲ್ಲದ್ದರಿಂದ ಚೆಂಡಿನದೇ ಮೇಲು. ಸ್ಪ್ರಿಂಗ್ ಇರುವ ನೀರಿನ ಎನ್‌ಆರ್‌ವಿ ಇಲ್ಲಿ ಒಂದು ವಾರವೂ ಬಾಳದು. ವಾಲ್ವನ್ನು ಹೊಂಡದ ಒಳಗೆ ಹೂಳದೆ, ಪಕ್ಕದಲ್ಲಿ ಸಣ್ಣ ಒಣ ಚೇಂಬರಿನಲ್ಲಿ, ಯೂನಿಯನ್ ಹಾಕಿ ಕೂರಿಸಬೇಕು. ಅದರ ಮೇಲ್ಗಡೆ ಪೂರ್ತಿ ಬಂದ್ ಮಾಡಬಲ್ಲ ಒಂದು ಬಾಲ್ ವಾಲ್ವು. ಇದಿಲ್ಲದಿದ್ದರೆ ಎನ್‌ಆರ್‌ವಿ ಬಿಚ್ಚಿದವರ ಮೈಮೇಲೆ ಆ 63 ಲೀಟರ್ ಸುರಿಯುತ್ತದೆ.

ಎನ್‌ಆರ್‌ವಿ ತಾನೇ ತಂದಿಡುವ ತೊಂದರೆಯೊಂದಿದೆ. ಮೇಲೆ ನಿಂತ ನೀರಿನ ಭಾರದಿಂದ ಅದು ಬಿಗಿಯಾಗಿ ಮುಚ್ಚಿಕೊಂಡಿರುವಾಗ, ಅದರ ಮತ್ತು ಪಂಪಿನ ನಡುವೆ ಗಾಳಿ ಸಿಕ್ಕಿಕೊಂಡರೆ ಪಂಪು ತಿರುಗುತ್ತದೆ, ನೀರು ಏರುವುದಿಲ್ಲ. ಪರಿಹಾರ ತೀರಾ ಸುಲಭ. ಹೊಂಡದೊಳಗೆ, ಪಂಪಿನ ಮೇಲಿನ ಪೈಪಿಗೆ 5 ಮಿಲಿಮೀಟರಿನ ಒಂದು ತೂತು ಕೊರೆಯಬೇಕು. ಗಾಳಿ ಅದರಲ್ಲಿ ಹೊರಹೋಗುತ್ತದೆ. ಪಂಪು ಓಡುವಾಗ ಅಲ್ಲಿಂದ ನೀರು ಚಿಮ್ಮುವುದನ್ನು ಕಂಡ ಕೆಲವರು ಸೋರಿಕೆ ಎಂದು ಎಂಸೀಲ್ ಮೆತ್ತಿಬಿಡುತ್ತಾರೆ.

ಹೊಂಡ

ಬಾವಿಗೆ ಇಳಿಸುವ ಸಿಮೆಂಟ್ ರಿಂಗುಗಳನ್ನೇ ಪೇರಿಸಿ, ಒಳಗೆ ಗಾರೆ ಮಾಡಿ ಹೊಂಡ ಕಟ್ಟುವುದು ಕಡಿಮೆ ಖರ್ಚಿನ ದಾರಿ. ಬೇಸಗೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಜುಲೈಯಲ್ಲಿ ಸುತ್ತಲಿನ ನೀರಿನ ಒತ್ತಡಕ್ಕೆ ಎರಡು ರಿಂಗುಗಳ ನಡುವಿನ ಬೆಸುಗೆ ಬಿಡುತ್ತದೆ, ಅಂತರ್ಜಲ ಒಳಗೆ ಒಸರುತ್ತದೆ. ಆಗ ಪಂಪು ಹಗಲೂ ರಾತ್ರಿಯೂ ಗದ್ದೆಯ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ತುಂಬುತ್ತಿರುತ್ತದೆ. ಬೇಸಗೆಯಲ್ಲಿ ಅದೇ ಬಿರುಕಿನಿಂದ ಕೊಳೆ ಹೊರಹೋಗಿ ಬಾವಿಯ ಕಡೆ ಇಳಿಯುತ್ತದೆ. ಒಂದೇ ಅಚ್ಚಿನ ಪ್ಲಾಸ್ಟಿಕ್ ಟ್ಯಾಂಕು ಅಥವಾ ಒಂದೇ ಸಲಕ್ಕೆ ಎರೆದ ಕಾಂಕ್ರೀಟು ತೊಟ್ಟಿಯೇ ಇಲ್ಲಿಗೆ ಸರಿ. ಕಾಂಕ್ರೀಟಿನದಾದರೆ ನೀರಿನ ಮಟ್ಟದ ಮೇಲಿನ ಒಳಗೋಡೆಗೆ ಎಪಾಕ್ಸಿ ಲೇಪ ಬೇಕು. ಕೊಳೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ತೇವದ ಗೋಡೆಯಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ.

ಪ್ಲಾಸ್ಟಿಕ್ ಟ್ಯಾಂಕಿಗೆ ಬೇರೆಯೇ ಅಪಾಯವಿದೆ. ಖಾಲಿ ಟ್ಯಾಂಕು ನೀರಿನಲ್ಲಿ ದೋಣಿ. ನಮ್ಮ ಮಾದರಿ ಹೊಂಡದ ಹೊರವ್ಯಾಸ 64 ಸೆಂಟಿಮೀಟರ್ ಎಂದುಕೊಂಡರೆ ಅದು 434 ಲೀಟರ್ ಜಾಗ ಹಿಡಿಯುತ್ತದೆ. ಅಂತರ್ಜಲ ನೆಲದ ಮಟ್ಟಕ್ಕೆ ಬಂದಾಗ 434 ಕಿಲೋ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಟ್ಯಾಂಕಿನ ಸ್ವಂತ ತೂಕ ಅದರ ಮುಂದೆ ಏನೂ ಅಲ್ಲ. ಬಚ್ಚಲಿನ ಟೈಲ್ಸನ್ನೇ ಎಬ್ಬಿಸಿಕೊಂಡು ಟ್ಯಾಂಕು ಮೇಲೆ ಬರಬಹುದು, ಬರದಿದ್ದರೂ ಪೈಪಿನ ಜೋಡಣೆಗಳು ಮುರಿಯುತ್ತವೆ. ಇದನ್ನು ಹಿಡಿದಿಡಲು ತಳದ ಸುತ್ತ ಕಾಂಕ್ರೀಟು ಕಟ್ಟಬೇಕು. ನೀರಿನಲ್ಲಿ ಕಾಂಕ್ರೀಟು ಕೂಡ ಹಗುರಾಗುತ್ತದೆ: ಘನಮೀಟರಿಗೆ 2400 ಕಿಲೋ ಇರುವುದು ನೀರಿನೊಳಗೆ 1400 ಕಿಲೋದಷ್ಟೇ ಕೆಲಸ ಮಾಡುತ್ತದೆ. ಲೆಕ್ಕ ಹಾಕಿದರೆ 0.31 ಘನಮೀಟರ್ ಕಾಂಕ್ರೀಟಿಗೆ ಎರಡೂ ಸಮವಾಗುತ್ತವೆ, 0.35 ಹಾಕಿದರೆ ಸ್ವಲ್ಪ ಧೈರ್ಯ. ಕಾಂಕ್ರೀಟು ಎರೆಯುವಾಗ ಟ್ಯಾಂಕಿಗೆ ನೀರು ತುಂಬಿಸಿರಬೇಕು, ಇಲ್ಲವಾದರೆ ಹಸಿ ಕಾಂಕ್ರೀಟಿನಲ್ಲೇ ಅದು ತೇಲುತ್ತದೆ. ಅಗೆತದ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಮುಗಿಯಬೇಕು ಎಂಬುದನ್ನು ಊರಿನವರಿಗೆ ಹೇಳಬೇಕಾಗಿಲ್ಲ.

ಮುಚ್ಚಳ ಬೋಲ್ಟ್ ಹಾಕಿ ಬಿಗಿಯುವಂಥದ್ದು, ಕೆಳಗೆ ರಬ್ಬರ್ ಗ್ಯಾಸ್ಕೆಟ್. ಪಂಪಿನ ವಯರು, ಫ್ಲೋಟಿನ ವಯರು ಹಾದುಹೋಗುವ ತೂತುಗಳಿಗೂ ರಬ್ಬರ್ ಬಿರಡೆ ಬೇಕು. ವಾಸನೆ ಬರುವುದು ಹೆಚ್ಚಾಗಿ ಮುಚ್ಚಳದಿಂದಲ್ಲ, ಈ ವಯರಿನ ತೂತಿನಿಂದ.

ಗಾಳಿಯ ದಾರಿ

ಹೊಂಡವನ್ನು ಹೀಗೆ ಬಿಗಿದ ಮೇಲೆ ಅದರೊಳಗಿನ ಗಾಳಿ ಎಲ್ಲಿಗೆ ಹೋಗಬೇಕು? ಪಂಪು ಅರ್ಧ ನಿಮಿಷದಲ್ಲಿ 70 ಲೀಟರ್ ನೀರು ಹೊರಹಾಕಿದರೆ ಅಷ್ಟೇ ಗಾಳಿ ಒಳಗೆ ಬರಲೇಬೇಕು. ದಾರಿ ಇಲ್ಲದಿದ್ದರೆ ಅದು ಕಮೋಡಿನ ಮೂಲಕ ಬರುತ್ತದೆ. ಕಮೋಡಿನ ಬಾಗಿನಲ್ಲಿ ನಿಂತಿರುವ ಐದು ಸೆಂಟಿಮೀಟರ್ ನೀರು ಮಾತ್ರ ಮನೆಯ ಮತ್ತು ಹೊಂಡದ ಗಾಳಿಯ ನಡುವಿನ ತಡೆ. ಅದನ್ನು ಗುಳುಗುಳು ಎನ್ನಿಸಿ ಎಳೆದುಕೊಂಡುಬಿಟ್ಟರೆ ಬಚ್ಚಲು ಹೊಂಡಕ್ಕೆ ತೆರೆದುಕೊಂಡಂತೆ. ಫ್ಲಶ್ ಮಾಡಿದಾಗ ಇದರ ತಿರುಗುಮುರುಗು: ಬಂದ ನೀರು ಗಾಳಿಯನ್ನು ಹೊರಗೆ ತಳ್ಳುತ್ತದೆ. ಗಾಳಿಯನ್ನು ಒಳಗೆ ಮಾತ್ರ ಬಿಡುವ, ಅಂಗಡಿಯಲ್ಲಿ ಸಿಗುವ ಸಣ್ಣ ಗಾಳಿ ವಾಲ್ವು ಆದ್ದರಿಂದಲೇ ಇಲ್ಲಿ ಸಾಲದು. ಎರಡೂ ಕಡೆ ತೆರೆದ 50 ಮಿಲಿಮೀಟರ್ ಪೈಪು ಹೊಂಡದ ನೆತ್ತಿಯಿಂದ ಹೊರಟು ಮಾಡಿನ ಮೇಲೆ ಹೋಗಬೇಕು.

ಹಂಚಿನ ಮಾಡಿನ ಮನೆಯಲ್ಲಿ ಪೈಪಿನ ತುದಿ ಎಲ್ಲಿರುತ್ತದೆ ಎಂಬುದು ಮುಖ್ಯ. ಕಡಲ ಗಾಳಿ ಪಶ್ಚಿಮದಿಂದ ಬಂದು ಮಾಡಿನ ಬೆನ್ನು ದಾಟಿ ಪೂರ್ವದ ಇಳಿಜಾರಿನಲ್ಲಿ ಕೆಳಕ್ಕೆ ಸುಳಿಯುತ್ತದೆ. ಪೂರ್ವದ ಸೂರಿನಂಚಿಗೆ ನಿಲ್ಲಿಸಿದ ಗಿಡ್ಡ ವೆಂಟಿನ ವಾಸನೆ ಆ ಸುಳಿಯಲ್ಲಿ ಅಂಗಳಕ್ಕೇ ಇಳಿಯುತ್ತದೆ. ಪೈಪು ಮಾಡಿನ ಬೆನ್ನಿಗಿಂತ ಮೇಲೇಳಬೇಕು. ತುದಿಗೆ ಸೊಳ್ಳೆ ಹೊಗದ ಜಾಲರಿ. ಅಡ್ಡ ಹೋಗುವ ಭಾಗ ಹೊಂಡದ ಕಡೆಗೇ ಇಳಿಜಾರಾಗಿರಬೇಕು. ಒಳಗೆ ಕಟ್ಟಿದ ಬೆವರುನೀರು ಬಾಗಿನಲ್ಲಿ ನಿಂತರೆ ಪೈಪು ಮುಚ್ಚಿದಂತೆಯೇ. ಮಳೆನೀರಿನ ಪೈಪಿಗೆ ಇದನ್ನು ಜೋಡಿಸುವುದಂತೂ ಕೂಡದು.

ಪೆಟ್ಟಿಗೆಯ ಪಂಪು, ಮತ್ತು ಸ್ವಲ್ಪ ಚರಿತ್ರೆ

ತಗ್ಗಿನ ಕೊಳೆಯನ್ನು ಯಂತ್ರದಿಂದ ಎತ್ತುವ ಯೋಚನೆ ಹಳೆಯದು. ಬ್ರಿಟನ್ನಿನ ಐಸಾಕ್ ಶೋನ್ 1878ರಲ್ಲಿ ಒತ್ತಿದ ಗಾಳಿಯಿಂದ ಕೊಳೆನೀರನ್ನು ತಳ್ಳುವ ಉಪಕರಣಕ್ಕೆ ಹಕ್ಕುಪತ್ರ ಪಡೆದ. ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೆ 1886ರಲ್ಲಿ ಅದನ್ನು ಅಳವಡಿಸಿದರು. ರಂಗೂನ್ ನಗರಕ್ಕೂ ಅದು ಬಂತು. ಮುಳುಗಿ ಓಡುವ ಮಲಿನಜಲ ಪಂಪನ್ನು ಸ್ವೀಡನ್ನಿನ ಫ್ಲಿಗ್ಟ್ ಸಂಸ್ಥೆ 1956ರಲ್ಲಿ ತಂದಿತು. ಫ್ರಾನ್ಸಿನ ಎಸ್‌ಎಫ್‌ಎ ಸಂಸ್ಥೆ 1958ರ ಹೊತ್ತಿಗೆ ಹೊಂಡವೇ ಬೇಡದ, ಕಮೋಡಿನ ಹಿಂದೆ ಇಡುವ ಅರೆಯುವ ಪೆಟ್ಟಿಗೆಯನ್ನು ಮಾಡಿತು.

ಮುರಕಲ್ಲು ಅಗೆಯಲಾಗದ ಹಳೆಯ ಮನೆಗೆ ಈ ಪೆಟ್ಟಿಗೆ ಆಕರ್ಷಕವಾಗಿ ಕಾಣುತ್ತದೆ. ಅದು ನೆಲದ ಮೇಲೆ ಕೂರುತ್ತದೆ, ಹಾಗಾಗಿ ಹಿಂದಕ್ಕೆ ಬಾಯಿ ಇರುವ ಕಮೋಡು ಮಾತ್ರ ಅದಕ್ಕೆ ಸೇರುತ್ತದೆ. ನೆಲಮಟ್ಟದ ಇಂಡಿಯನ್ ಕಕ್ಕಸಿಗೂ ನೆಲದಲ್ಲೇ ಹರಿಯುವ ಬಚ್ಚಲ ನೀರಿಗೂ ಅಲ್ಲಿ ದಾರಿಯಿಲ್ಲ. ಅರೆದ ಹುಡಿ ಸೆಪ್ಟಿಕ್ ಟ್ಯಾಂಕಿಗೆ ಒಳ್ಳೆಯದಲ್ಲ ಎಂಬ ಮಾತು ಇದಕ್ಕೂ ಅನ್ವಯ. ಮನೆಯಲ್ಲಿ ತಾನಾಗಿ ಹರಿಯುವ ಇನ್ನೊಂದು ಕಕ್ಕಸು ಇದ್ದು, ಇದು ಎರಡನೆಯದಾಗಿದ್ದರೆ ಮಾತ್ರ ಪರವಾಗಿಲ್ಲ.

ಕರೆಂಟು ಹೋದಾಗ, ಪಂಪು ಕೆಟ್ಟಾಗ

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ಇಲ್ಲಿ ಸಾಮಾನ್ಯ. ಮಾದರಿ ಹೊಂಡದಲ್ಲಿ ಚಾಲೂ ಮಟ್ಟದಿಂದ ಪೈಪಿನ ಬಾಯಿಯವರೆಗೆ 30 ಸೆಂಟಿಮೀಟರ್, ಸುಮಾರು 85 ಲೀಟರ್ ಜಾಗವಿದೆ. ಎಂಟು ಹತ್ತು ಫ್ಲಶ್ಶಿಗೆ ಸಾಕು. ಸ್ನಾನದ ನೀರೂ ಅಲ್ಲಿಗೇ ಬರುವುದಾದರೆ ನಾಲ್ಕು ಬಕೆಟ್ಟಿಗೆ ಮುಗಿಯಿತು. ಚಾಲೂ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಮೇಲೆ ಇನ್ನೊಂದು ಫ್ಲೋಟ್ ಇಟ್ಟು, ಬ್ಯಾಟರಿಯ ಗಂಟೆಗೆ ಜೋಡಿಸಿದರೆ ಉಕ್ಕುವ ಮೊದಲೇ ತಿಳಿಯುತ್ತದೆ. ದೀಪ, ಫ್ಯಾನಿಗೆಂದು ಇಟ್ಟ ಸಣ್ಣ ಇನ್ವರ್ಟರನ್ನು ಪಂಪಿಗೆ ನಂಬಬಾರದು. ಶುರುವಾಗುವ ಕ್ಷಣದಲ್ಲಿ ಮೋಟರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ಪಂಪಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗು ಇರಲೇಬೇಕು. ಪ್ಲಗ್ಗು ಬಚ್ಚಲಿನ ಹೊರಗೆ.

ದೋಷ ಪತ್ತೆಗೆ ಅತ್ಯುತ್ತಮ ಉಪಕರಣ ಗಡಿಯಾರ. ಹೊಸತಾಗಿ ಕೂರಿಸಿದ ದಿನ ಪಂಪು ಒಂದು ಸಲಕ್ಕೆ ಎಷ್ಟು ಸೆಕೆಂಡು ಓಡುತ್ತದೆ ಎಂದು ಸ್ವಿಚ್ಚಿನ ಪಕ್ಕ ಬರೆದಿಡಬೇಕು. ಮಾದರಿ ಮನೆಯಲ್ಲಿ ಅದು 28 ಸೆಕೆಂಡು. ಒಂದು ವರ್ಷದ ಮೇಲೆ ಅದು 50 ಆದರೆ ಪಂಪಿನ ಬಾಯಿ ಅಥವಾ ಪೈಪು ಕಟ್ಟುತ್ತಿದೆ. ಗುಂಯ್ ಎನ್ನುತ್ತದೆ, ನೀರು ಇಳಿಯುವುದಿಲ್ಲ ಎಂದರೆ ಚಕ್ರಕ್ಕೆ ಏನೋ ಸುತ್ತಿಕೊಂಡಿದೆ, ಇಲ್ಲವೇ ಕೆಪಾಸಿಟರ್ ಹೋಗಿದೆ. ಸುತ್ತಿಕೊಳ್ಳುವುದು ಹೆಚ್ಚಾಗಿ ಸ್ಯಾನಿಟರಿ ಪ್ಯಾಡು, ಒದ್ದೆ ಟಿಶ್ಯೂ, ಬಟ್ಟೆಯ ಚೂರು, ಮತ್ತು ಪಾತ್ರೆ ತಿಕ್ಕಿದ ತೆಂಗಿನ ನಾರು. ಚಕ್ರ ತಿರುಗುತ್ತದೆ, ಸದ್ದು ಹಗುರ, ನೀರಿಲ್ಲ ಎಂದರೆ ಗಾಳಿ ಸಿಕ್ಕಿಕೊಂಡಿದೆ. 5 ಮಿಲಿಮೀಟರಿನ ತೂತು ನೋಡಬೇಕು.

ಯಾರೂ ಬಚ್ಚಲು ಬಳಸದ ರಾತ್ರಿಯಲ್ಲಿ ಪಂಪು ತಾನಾಗಿ ಎದ್ದು ಓಡುವುದಕ್ಕೆ ಕಾರಣ ಎರಡೇ ಇರಬಹುದು. ಎನ್‌ಆರ್‌ವಿಯಿಂದ ನೀರು ಮರಳುತ್ತಿದೆ, ಅಥವಾ ಅಂತರ್ಜಲ ಒಳಬರುತ್ತಿದೆ. ಬೇರ್ಪಡಿಸಿ ನೋಡಲು ಪಂಪಿನ ಸ್ವಿಚ್ಚು ತೆಗೆದು, ಎನ್‌ಆರ್‌ವಿಯ ಮೇಲಿನ ಬಾಲ್ ವಾಲ್ವು ಮುಚ್ಚಿ, ಹೊಂಡದ ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ಗಂಟೆ ಕಾಯಬೇಕು. ಮಟ್ಟ ಏರಿದರೆ ಹೊಂಡ ಸೋರುತ್ತಿದೆ; ಏರದಿದ್ದರೆ ತಪ್ಪು ಎನ್‌ಆರ್‌ವಿಯದು. ಕಕ್ಕಸಿನ ಫ್ಲಶ್ ಟ್ಯಾಂಕು ಸೋರುತ್ತಿಲ್ಲ ಎಂದು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಬೇಕು. ಈ ಪರೀಕ್ಷೆಗೆ ಜುಲೈ ಸರಿಯಾದ ತಿಂಗಳು. ಮಾರ್ಚಿನಲ್ಲಿ ಮಾಡಿದರೆ ಎಲ್ಲ ಹೊಂಡಗಳೂ ಒಳ್ಳೆಯವೇ.

ದುರಸ್ತಿಗೆ ಹೊಂಡದೊಳಗೆ ಯಾರೂ ಇಳಿಯಕೂಡದು. ಎರಡಡಿ ಅಗಲ, ನಾಲ್ಕೂವರೆ ಅಡಿ ಆಳದ ಗುಂಡಿ ಅಪಾಯಕಾರಿ ಎಂದು ಕಾಣುವುದಿಲ್ಲ. ಆದರೆ ಕೆಸರನ್ನು ಕಲಕಿದಾಗ ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಗೆ ಏಳುತ್ತದೆ, ತಲೆ ಬಗ್ಗಿಸಿದವರೂ ಬೀಳಬಹುದು. ಗಾಳಿಯಲ್ಲಿ ದಶಲಕ್ಷಕ್ಕೆ ನೂರು ಭಾಗ ದಾಟಿದರೆ ಮೂಗು ಅದರ ವಾಸನೆಯನ್ನು ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಎಂಬುದು ಧೈರ್ಯಕ್ಕೆ ಕಾರಣವಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕು, ಒಳಚರಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಹೇಳಿದೆ. ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದ್ದರಿಂದ ಪಂಪನ್ನು ಕೂರಿಸುವ ದಿನವೇ ಅದರ ಹಿಡಿಗೆ ಸ್ಟೀಲಿನ ಸರಪಳಿ ಕಟ್ಟಿ ಮುಚ್ಚಳದ ಕೆಳಗಿನ ಕೊಕ್ಕೆಗೆ ಸಿಕ್ಕಿಸಿರಬೇಕು, ಮತ್ತು ಪೈಪಿನ ಯೂನಿಯನ್ ಮೇಲಿನಿಂದಲೇ ಕೈಗೆ ಸಿಗುವಂತಿರಬೇಕು. ಯೂನಿಯನ್ ಬಿಚ್ಚಿ, ನಿಂತಲ್ಲಿಂದಲೇ ಸರಪಳಿ ಎಳೆದರೆ ಪಂಪು ಮೇಲೆ ಬರುತ್ತದೆ. ವಯರು ಹಿಡಿದು ಎಳೆದರೆ ಅದರ ಬುಡದ ಸೀಲು ಬಿಟ್ಟು ಮೋಟರಿಗೆ ನೀರು ಹೊಗುತ್ತದೆ.